‘ಮರ’ ಮೂರೋ, ನಾಲ್ಕೋ, ಐದೋ? ಒಂದು ಪುಟ್ಟ ಗದ್ಯದ ಪದಪಟ್ಟಿ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಮಕ್ಕಳ ಓದುಪಾಠದಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಹೆಚ್ಚು ಬಂದದ್ದು ಮೇಲಿರುವಂತೆ ಪಟ್ಟಿ ಮಾಡಬೇಕಿತ್ತು. ಮಗನ ಲ್ಯಾಪ್‌ಟಾಪಿನಲ್ಲಿ ಪೈಥಾನ್‌ನ ನಾಲ್ಕು ಸಾಲು ಬರೆದು, ಪದ ಬಿಡಿಸಲು `\w+` ಎಂದು ಹಾಕಿ, ಈ ಗದ್ಯ ಕೊಟ್ಟೆ:

“ನಮ್ಮ ಮನೆ ಮುಂದೆ ಒಂದು ಮರ. ಮರದ ಕೆಳಗೆ ಒಂದು ಕಟ್ಟೆ. ಅಜ್ಜ ಆ ಕಟ್ಟೆಯ ಮೇಲೆ ಕೂತು ಮರ ನೋಡುತ್ತಿದ್ದ. ಮರಕ್ಕೆ ಒಂದು ಹಕ್ಕಿ ಬಂತು, ಹಕ್ಕಿಯ ಜೊತೆ ಎರಡು ಮರಿ. ಅಜ್ಜ ಮನೆಗೆ ಮರಳಿ ಬಂದು, ‘ಮರ ತುಂಬಿತು’ ಎಂದ.”

ಬೆರಳಲ್ಲಿ ಎಣಿಸಿದರೆ 31 ಪದ. ಕಂಪ್ಯೂಟರು 60 ಎಂದಿತು. ಪಟ್ಟಿಯ ತಲೆಯಲ್ಲಿ ‘ದ’ 8, ‘ತ’ 7, ‘ಕ’ 5, ‘ಮರ’ 4. ನನಗೆ ಕಾಣುವ ಮರ ಮೂರೇ; ಮರದ, ಮರಕ್ಕೆ ಸೇರಿಸಿಕೊಂಡರೆ ಐದು. ನಾಲ್ಕು ಎಲ್ಲಿಂದ ಬಂತು? ಅದೇ ಪ್ರೋಗ್ರಾಮು ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಎಣಿಸಲೇ ಇಲ್ಲ, `'charmap' codec can't decode byte 0x8d in position 8` ಎಂದು ನಿಂತುಬಿಟ್ಟಿತು. ನಮ್ಮ ಕಂಪ್ಯೂಟರ್ ಮೇಷ್ಟ್ರು, “ಒತ್ತಕ್ಷರ ಇದ್ದರೆ ಅದಕ್ಕೆ ಎಣಿಸೋಕೆ ಬರಲ್ಲ ಮೇಡಂ, ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿ ಎಣಿಸಿ” ಅಂತಾರೆ. ನಿಜವೇ?

ಉತ್ತರ: ನಾಲ್ಕನೆಯ ಮರ ನಿಮ್ಮ ಹಕ್ಕಿಯ ಜೊತೆ ಬಂದ ‘ಮರಿ’, ಮೇಡಂ. ಅದರ ಗುಡಿಸು ಕಳಚಿಬಿದ್ದು ‘ಮರ’ ಆಗಿಹೋಗಿದೆ.

ಇದು ಹೇಗಾಯಿತು ಎಂದು ತಿಳಿದರೆ 60ರ ಲೆಕ್ಕವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ‘ಮರಿ’ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತಗಳಾಗಿ ಕೂತಿರುತ್ತದೆ: ಮ, ರ, ಆಮೇಲೆ ಗುಡಿಸಿನ ಚಿಹ್ನೆ. ಮ ಮತ್ತು ರ ಯೂನಿಕೋಡ್‌ನ ವರ್ಗೀಕರಣದಲ್ಲಿ ‘ಅಕ್ಷರ’ಗಳು. ಗುಡಿಸು, ಕೊಂಬು, ಏತ್ವ, ಇಳಿ, ಸೊನ್ನೆ, ಒತ್ತಕ್ಷರ ಹುಟ್ಟಿಸುವ ಅರ್ಧಾಕ್ಷರದ ಚಿಹ್ನೆ, ಇವೆಲ್ಲ ಅಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ‘ಗುರುತು’ಗಳು. ಪೈಥಾನ್‌ನ ಜೊತೆಗೇ ಬರುವ `re` ಎಂಬ ಪರಿಕರದಲ್ಲಿ `\w` ಎಂದರೆ ಅಕ್ಷರ, ಅಂಕಿ ಮತ್ತು ಅಡಿಗೆರೆ, ಅಷ್ಟೇ. ಗುರುತುಗಳಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಪದದ ನಡುವೆ ಗುರುತು ಸಿಕ್ಕಲ್ಲೆಲ್ಲ ಅದು ಪೂರ್ಣವಿರಾಮ ಸಿಕ್ಕಂತೆ ಪದವನ್ನು ಕಡಿಯುತ್ತದೆ, ಆ ಗುರುತನ್ನು ಎಸೆದುಬಿಡುತ್ತದೆ.

ನಿಮ್ಮ ಗದ್ಯವನ್ನು ಆ ಕತ್ತರಿಗೆ ಕೊಟ್ಟು ನೋಡಿ. ‘ನಮ್ಮ’ ಎಂಬುದು ‘ನಮ’ ಮತ್ತು ‘ಮ’ ಆಗುತ್ತದೆ. ‘ಒಂದು’ ಪದದಿಂದ ಸೊನ್ನೆ, ಕೊಂಬು ಎರಡೂ ಹೋಗಿ ‘ಒ’, ‘ದ’ ಉಳಿಯುತ್ತವೆ. ‘ನೋಡುತ್ತಿದ್ದ’ ಒಂದೇ ಪದ ನ, ಡ, ತ, ತ, ದ, ದ ಎಂದು ಆರು ಚೂರು. ಪಟ್ಟಿಯ ತಲೆಯಲ್ಲಿ ಕೂತ ‘ದ’ ಎಲ್ಲಿಂದ ಬಂತು ಎಂದರೆ, ಮೂರು ‘ಒಂದು’ಗಳಿಂದ ಮೂರು, ‘ಮುಂದೆ’, ‘ಬಂದು’, ‘ಎಂದ’ ಇವುಗಳಿಂದ ಒಂದೊಂದು, ‘ನೋಡುತ್ತಿದ್ದ’ದಿಂದ ಎರಡು, ಒಟ್ಟು ಎಂಟು. ಹೀಗೆ 31 ಪದ ಒಡೆದು 60 ಚೂರಾಗಿವೆ. ಕಂಪ್ಯೂಟರು ಎಣಿಕೆಯಲ್ಲಿ ಒಂದನ್ನೂ ತಪ್ಪಿಲ್ಲ. ಎಣಿಸಲು ನಾವು ಕೊಟ್ಟ ಸರಕೇ ಚಿಂದಿ.

ನನ್ನನ್ನು ಹೆದರಿಸುವುದು ಆ ‘ದ’ ಅಲ್ಲ. ಒಂಟಿ ‘ದ’ ಎಂಬ ಪದ ಕನ್ನಡದಲ್ಲಿ ಇಲ್ಲವೆಂದು ಯಾರಿಗೂ ಗೊತ್ತು, ನೋಡಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ‘ಮರ’ದ ಹೆಸರಿನ ಮುಂದೆ ಕೂತ 4 ಅಪಾಯಕಾರಿ, ಏಕೆಂದರೆ ಅದು ಸರಿಯಾದ ಪದ, ನಂಬಬಹುದಾದ ಸಂಖ್ಯೆ. ಗುಡಿಸು, ಕೊಂಬು, ಒತ್ತು ಯಾವುದೂ ಇಲ್ಲದ ಪದಗಳು (ಮರ, ಮರದ, ಜನ, ಹಗಲ) ಈ ಕತ್ತರಿಯಿಂದ ಪಾರಾಗುತ್ತವೆ, ಜೊತೆಗೆ ಬೇರೆ ಪದಗಳ ಚೂರುಗಳನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ನೀವು ಪಟ್ಟಿಯನ್ನು ಕೈಯೆಣಿಕೆಯ ಜೊತೆ ಹೋಲಿಸಿರದಿದ್ದರೆ ಒಂಟಕ್ಷರಗಳನ್ನು ಅಳಿಸಿ, ‘ಮರ 4’ ಎಂಬುದನ್ನು ಹಾಗೇ ಉಳಿಸಿಕೊಳ್ಳುತ್ತಿದ್ದಿರಿ. ಹಾಗೆ ‘ಶುದ್ಧ’ ಮಾಡಿದ ಪಟ್ಟಿಗಳು ನನ್ನ ಮೇಜಿಗೆ ಬಂದಿವೆ. ಒಂದಕ್ಷರದ ಪದಗಳನ್ನೆಲ್ಲ ಕಸವೆಂದು ತೆಗೆದಿದ್ದರು, ಜೊತೆಗೆ ‘ಆ’, ‘ಈ’ ಕೂಡ ಹೋಗಿದ್ದವು.

ಈಗ ಶಾಲೆಯ ಕಂಪ್ಯೂಟರು. ನಿಮ್ಮ ಮೇಷ್ಟ್ರ ಮಾತಿಗೆ ಬುಡವೇ ಇಲ್ಲ ಎನ್ನಲಾರೆ. ಅವರು ಕಂಡದ್ದು ನಿಜ, ಕಾರಣ ಹೇಳಿದ್ದು ತಪ್ಪು. ಯುಟಿಎಫ್-8 ರೀತಿಯಲ್ಲಿ ಉಳಿಸಿದ ಕಡತದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ನಿಮ್ಮ ಗದ್ಯ ‘ನಮ್ಮ’ದಿಂದ ಶುರು. ನ ಮೂರು ಬೈಟ್, ಮ ಮೂರು, ಆಮೇಲೆ ಅರ್ಧಾಕ್ಷರದ ಚಿಹ್ನೆಗೆ E0, B3, 8D ಎಂಬ ಮೂರು. ಸೊನ್ನೆಯಿಂದ ಎಣಿಸಿದರೆ ಆ 8D ಬೈಟ್ ಬೀಳುವುದು 8ನೇ ಸ್ಥಾನದಲ್ಲಿ. ದೋಷಸಂದೇಶ ಹೇಳಿದ್ದೂ ಅದನ್ನೇ. ಕಡತ ಯಾವ ರೀತಿಯದೆಂದು ನೀವು ಹೇಳದಿದ್ದರೆ ವಿಂಡೋಸ್‌ನ ಪೈಥಾನ್ ಸಾಮಾನ್ಯವಾಗಿ ಅದನ್ನು ಪಶ್ಚಿಮ ಯುರೋಪಿನ ಹಳೆಯ ಸಂಕೇತಪಟ್ಟಿಯ ಪ್ರಕಾರ ಓದಲು ಹೋಗುತ್ತದೆ. ಆ ಪಟ್ಟಿಯಲ್ಲಿ 8D ಎಂಬ ಜಾಗ ಖಾಲಿ. ಅದಕ್ಕೇ ಮೊದಲ ಒತ್ತಕ್ಷರ ಎದುರಾದಲ್ಲೇ ಮುಗ್ಗರಿಸಿತು. ‘ಮರ’, ‘ಮರದ’ ಮಾತ್ರ ಇದ್ದ ಕಡತವಾಗಿದ್ದರೆ ದೋಷ ಬರುತ್ತಿರಲಿಲ್ಲ, ಆದರೆ ಓದಿಕೊಂಡ ಬರಹದಲ್ಲಿ ‘ಮ’ ಇರಬೇಕಾದಲ್ಲಿ `à²®` ಎಂಬ ವಿಚಿತ್ರ ಕಾಣುತ್ತಿತ್ತು. ಕಡತ ತೆರೆಯುವಾಗ `encoding='utf-8'` ಎಂದು ಬರೆದರೆ ಎರಡೂ ಕಾಯಿಲೆ ವಾಸಿ.

ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸುವ ಸಲಹೆಯನ್ನು ಮಾತ್ರ ದಯವಿಟ್ಟು ಬಿಡಿ. ಫೋನಿನಲ್ಲಿ ಬರೆಯುವ ಹಾಗೆ ಬರೆದರೆ ‘ಮರಿ’ಯೂ `mari`, ‘ಮಾರಿ’ಯೂ `mari`. ದೊಡ್ಡಕ್ಷರ ಬಳಸಿ ‘ಹಳ್ಳಿ’ಯನ್ನು `haLLi`, ‘ಹಲ್ಲಿ’ಯನ್ನು `halli` ಎಂದು ಜೋಪಾನವಾಗಿ ಬರೆದರೂ, ಇಂಗ್ಲಿಷ್ ಪದ ಎಣಿಸುವ ಪ್ರೋಗ್ರಾಮುಗಳಲ್ಲಿ ಮೊದಲ ಕೆಲಸವೇ ಎಲ್ಲವನ್ನೂ ಸಣ್ಣಕ್ಷರ ಮಾಡುವುದು. ಅಲ್ಲಿಗೆ ಹಳ್ಳಿಯೆಲ್ಲ ಹಲ್ಲಿ.

ಬೇಕಾದ ತಿದ್ದುಪಡಿ ಚಿಕ್ಕದು. `\w` ಬಿಟ್ಟು, ಕನ್ನಡಕ್ಕೆ ಯೂನಿಕೋಡ್ ಕೊಟ್ಟಿರುವ 0C80ರಿಂದ 0CFFವರೆಗಿನ ಮನೆಗಳನ್ನೇ ನೇರವಾಗಿ ಹೇಳಿಬಿಡುವುದು. ಅಕ್ಷರ, ಗುರುತು, ಕನ್ನಡ ಅಂಕಿ ಎಲ್ಲ ಅದೇ ಓಣಿಯಲ್ಲಿವೆ.

```python
import re, unicodedata
from collections import Counter

text = open('gadya.txt', encoding='utf-8').read()
text = unicodedata.normalize('NFC', text)
text = re.sub('[\u200C\u200D]', '', text)
words = re.findall(r'[\u0C80-\u0CFF]+', text)

counts = Counter(words)
def key(p):
    return (-p[1], p[0].replace('ಳ', '\u0CBA'))
for w, n in sorted(counts.items(), key=key):
    print(n, w, sep='\t')
print(sum(counts.values()), len(counts))
```

ನಡುವಿನ ಎರಡು ಸಾಲು ಕಣ್ಣಿಗೆ ಕಾಣದ ವ್ಯತ್ಯಾಸಗಳಿಗೆ. ನಿಮ್ಮ ಗದ್ಯದ ‘ಜೊತೆ’ಯನ್ನೇ ತೆಗೆದುಕೊಳ್ಳಿ. ‘ಜೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವದ ಮುಂದೆ ಕೊಂಬಿನ ದೀರ್ಘ ಇಟ್ಟು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ತದ್ರೂಪ. ಎಣಿಸುವವನಿಗೆ ಮಾತ್ರ ಅವು ಬೇರೆ ಬೇರೆ ಪದ, ಪಟ್ಟಿಯಲ್ಲಿ ‘ಜೊತೆ’ ಎರಡು ಸಾಲಿನಲ್ಲಿ ಬರುತ್ತದೆ. ಒಂದರ ಉದ್ದ ನಾಲ್ಕು ಸಂಕೇತ, ಇನ್ನೊಂದರದು ಐದು. `len` ಕೇಳಿದರೆ ಗುಟ್ಟು ಹೊರಬೀಳುತ್ತದೆ. ನೀವೇ ಕೂತು ಟೈಪ್ ಮಾಡಿದ ಗದ್ಯದಲ್ಲಿ ಇದು ಅಪರೂಪ; ಪಿಡಿಎಫ್‌ನಿಂದ ನಕಲು ಮಾಡಿದ್ದು, ಹಳೆಯ ಫಾಂಟಿನಿಂದ ಪರಿವರ್ತಿಸಿದ್ದು ಆದರೆ ಬರಬಹುದು. `NFC` ಎಂಬ ಸಾಲು ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಅದರ ಮುಂದಿನ ಸಾಲು, ‘ಬ್ಯಾಂಕ್‌ನಲ್ಲಿ’ ಎಂಬಂಥ ಪದಗಳಲ್ಲಿ ಒತ್ತು ಕೂಡದಂತೆ ನಡುವೆ ಹಾಕುವ ಅದೃಶ್ಯ ಚಿಹ್ನೆಯನ್ನು ತೆಗೆಯುತ್ತದೆ. ಕೆಲವರು ಅದನ್ನು ಹಾಕಿ ಬರೆಯುತ್ತಾರೆ, ಕೆಲವರು ಹಾಕುವುದಿಲ್ಲ. ತೆಗೆಯದಿದ್ದರೆ ಒಂದೇ ಪದ ಎರಡಾಗುತ್ತದೆ. ಇದಕ್ಕೆ ಒಂದು ಬೆಲೆ ಇದೆ: ಪಟ್ಟಿಯಲ್ಲಿ ಪದ ‘ಬ್ಯಾಂಕ್ನಲ್ಲಿ’ ಎಂದು ಒತ್ತಕ್ಷರದೊಂದಿಗೆ ಮೂಡುತ್ತದೆ. ಎಣಿಕೆ ಸರಿ, ನೋಟ ಕೆಟ್ಟದ್ದು. ಮಕ್ಕಳ ಕೈಗೆ ಕೊಡುವ ಮುನ್ನ ಅಂಥ ನಾಲ್ಕಾರು ಪದಗಳನ್ನು ಕೈಯಲ್ಲೇ ತಿದ್ದಿಕೊಳ್ಳಿ.

ಪ್ರೋಗ್ರಾಮು ಒಟ್ಟು 0 ಎಂದರೆ ಗಾಬರಿ ಬೇಡ. ನಿಮ್ಮ ಕಡತ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನದು ಎಂದರ್ಥ. ಅಂಥ ಕಡತದಲ್ಲಿ ‘ಕನ್ನಡ’ ಎಂಬ ಪದ ಒಳಗೆ `PÀ£ÀßqÀ` ಎಂದಿರುತ್ತದೆ, ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ ಅಷ್ಟೇ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಬದಲಾಗಿದ್ದನ್ನು ಒಮ್ಮೆ ಓದಿ, ಆಮೇಲೆ ಎಣಿಸಿ.

ನಿಮ್ಮ ಗದ್ಯಕ್ಕೆ ಈಗ ಬರುವ ಪಟ್ಟಿಯ ಮೇಲ್ತುದಿ ಹೀಗಿರುತ್ತದೆ:

```
3	ಒಂದು
3	ಮರ
2	ಅಜ್ಜ
1	ಆ
1	ಎಂದ
1	ಎರಡು
```

ಕೊನೆಯ ಸಾಲಿನಲ್ಲಿ `31 26`. ಒಟ್ಟು 31 ಪದ, ಬೇರೆ ಬೇರೆಯವು 26. ಮೊದಲ ಸಂಖ್ಯೆ ನಿಮ್ಮ ಬೆರಳೆಣಿಕೆಗೆ ತಾಳೆಯಾಗಬೇಕು. ಆಗದಿದ್ದರೆ ಪಟ್ಟಿಯ ಒಳಗೆ ಇಣುಕುವುದೇ ಬೇಡ, ಮೊದಲು ಪದ ಬಿಡಿಸಿದ ಕ್ರಮವನ್ನು ನೋಡಿ. ಆದರೆ ಮೊತ್ತ ಸರಿಬಂತು ಎಂದ ಮಾತ್ರಕ್ಕೆ ಪಟ್ಟಿ ಸರಿ ಎನ್ನಲೂ ಆಗದು. ಬರೀ ಖಾಲಿಜಾಗ ನೋಡಿ ಪದ ಬಿಡಿಸಿದ್ದರೂ 31 ಬರುತ್ತಿತ್ತು. ಆದರೆ ಚುಕ್ಕೆ ಅಂಟಿದ ‘ಮರ.’ ಒಂದು, ಬೋಳು ‘ಮರ’ ಒಂದು, ಉದ್ಧರಣ ಚಿಹ್ನೆ ಹೊತ್ತ ‘‘ಮರ’ ಒಂದು ಎಂದು ಮೂರು ಸಾಲಾಗಿ, ಬೇರೆ ಪದಗಳು 28 ಆಗುತ್ತಿದ್ದವು. ಮರ ಮೂರು ಸಲ ಬಂದ ಸುಳಿವೇ ಇರುತ್ತಿರಲಿಲ್ಲ. ಅದಕ್ಕೇ ಮೊತ್ತದ ಜೊತೆ, ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಪದವನ್ನು, ವಾಕ್ಯದ ಕೊನೆಯಲ್ಲೂ ನಡುವೆಯೂ ಬಂದಿರುವಂಥದ್ದನ್ನು, ಹುಡುಕಿ ತಾಳೆ ನೋಡಬೇಕು.

ಇನ್ನು ಮೂರೋ ಐದೋ ಎಂಬುದು. ಇದು ಕಂಪ್ಯೂಟರಿನ ಪ್ರಶ್ನೆಯಲ್ಲ, ನಿಮ್ಮದು. ‘ಪದ’ ಎಂದು ಯಾವುದನ್ನು ಕರೆಯುತ್ತೀರಿ ಎಂಬುದರ ಮೇಲೆ ಎರಡೂ ಸರಿ. ಅಚ್ಚಿನಲ್ಲಿ ಕಾಣುವ ರೂಪವೇ ಪದ ಎಂದರೆ ಮರ ಮೂರು. ವಿಭಕ್ತಿ ಕಳಚಿ ಮೂಲಪದ ಎಣಿಸಿದರೆ ಐದು.

ಇಂಗ್ಲಿಷಿನ ಪದಪಟ್ಟಿ ನೋಡಿ ಅಭ್ಯಾಸವಾದವರು ಈ ಕವಲನ್ನು ಗಮನಿಸುವುದೇ ಇಲ್ಲ. ಅಲ್ಲಿ ‘ಮರದ’, ‘ಮರಕ್ಕೆ’ ಎನ್ನಲು ಬಿಡಿ ಬಿಡಿ ಸಣ್ಣ ಪದಗಳು ಮುಂದೆ ಬರುತ್ತವೆ, ಮರ ಎಂಬ ಪದ ಹಾಗೇ ನಿಲ್ಲುತ್ತದೆ. ಆ ಸಣ್ಣ ಪದಗಳೇ ಪಟ್ಟಿಯ ತಲೆಯನ್ನು ಆಕ್ರಮಿಸುತ್ತವೆ, ಅವನ್ನು ತೆಗೆಯಲೆಂದೇ ಸಿದ್ಧ ಪಟ್ಟಿಗಳಿವೆ. ಕನ್ನಡದಲ್ಲಿ ಆ ಕೆಲಸವೆಲ್ಲ ಪ್ರತ್ಯಯದ್ದು, ಪದದ ಬಾಲದಲ್ಲಿ ಅಡಗಿರುತ್ತದೆ. ಹಾಗಾಗಿ ಇಂಗ್ಲಿಷಿನ ಆ ತೆಗೆಯುವ ಪಟ್ಟಿಯನ್ನು ಅನುವಾದಿಸಿ ಇಲ್ಲಿ ಹಚ್ಚಿದರೆ ಏನೂ ಸಿಗದು. ನಮ್ಮ ತೊಂದರೆ ತಿರುಗುಮುರುಗು: ಕಸ ಮೇಲೆ ಬರುವುದಿಲ್ಲ, ಬೇಕಾದ ಪದವೇ ಐದಾರು ರೂಪಗಳಲ್ಲಿ ಚದುರಿ ಕೆಳಗೆ ಜಾರುತ್ತದೆ. ನಿಮ್ಮ ಗದ್ಯದಲ್ಲೇ ಕಟ್ಟೆ, ಹಕ್ಕಿ, ಮನೆ ಮೂರೂ ಎರಡೆರಡು ಸಲ ಬಂದಿದ್ದರೂ ರೂಪದ ಪಟ್ಟಿಯಲ್ಲಿ ಒಂದೊಂದರ ಸಾಲಿನಲ್ಲಿ ಮುಳುಗಿವೆ.

ಮೂಲಪದಕ್ಕೆ ಒಟ್ಟುಗೂಡಿಸಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ‘ಮರ’ದಿಂದ ಶುರುವಾಗುವ ಪದಗಳನ್ನೆಲ್ಲ ಮರಕ್ಕೇ ಸೇರಿಸಿಬಿಡುವುದು. ಮಾಡಿ ನೋಡಿದರೆ ಐದಲ್ಲ, ಏಳು ಬರುತ್ತದೆ. ‘ಮರಳಿ’ ಸೇರಿಕೊಳ್ಳುತ್ತದೆ ಎಂಬುದನ್ನು ಯಾರಾದರೂ ಊಹಿಸಿಯಾರು. ಏಳನೆಯದು ಮತ್ತೆ ಅದೇ ‘ಮರಿ’. ಕಣ್ಣಿಗೆ ‘ಮರಿ’ ‘ಮರ’ದಿಂದ ಶುರುವಾಗುವುದಿಲ್ಲ; ಒಳಗಿನ ಸಂಕೇತಗಳಲ್ಲಿ ಮ, ರ ಆದಮೇಲೆಯೇ ಗುಡಿಸು, ಆದ್ದರಿಂದ ಶುರುವಾಗುತ್ತದೆ. ಮರೆ, ಮರು, ಮರ್ಯಾದೆ ಎಲ್ಲಕ್ಕೂ ಇದೇ ಗತಿ.

ಎರಡನೆಯ ಉಪಾಯ ಬಾಲ ಕತ್ತರಿಸುವುದು. ಕ್ಕೆ, ಗೆ, ಯ, ದ ಮುಂತಾದ ಪ್ರತ್ಯಯಗಳ ಪಟ್ಟಿ ಮಾಡಿ ಕೊನೆಯಿಂದ ಕಳಚುವುದು. ‘ಮರಕ್ಕೆ’ ಮರವಾಗುತ್ತದೆ, ‘ಮನೆಗೆ’ ಮನೆಯಾಗುತ್ತದೆ, ‘ಕಟ್ಟೆಯ’ ಕಟ್ಟೆಯಾಗುತ್ತದೆ, ಖುಷಿಯಾಗುತ್ತದೆ. ಅದೇ ಕತ್ತರಿಗೆ ‘ಎಂದ’ ಸಿಕ್ಕರೆ ‘ಎಂ’, ‘ಕೆಳಗೆ’ ಸಿಕ್ಕರೆ ‘ಕೆಳ’. ಮುಂದಿನ ಪಾಠದಲ್ಲಿ ಹಕ್ಕಿ ರೆಕ್ಕೆ ಬಡಿದರೆ ‘ರೆಕ್ಕೆ’ ‘ರೆ’ ಆಗುತ್ತದೆ, ‘ಸಮಯ’ ‘ಸಮ’ ಆಗುತ್ತದೆ. ಲಕ್ಷಾಂತರ ಪದಗಳ ಸಂಗ್ರಹದಲ್ಲಿ ಇಷ್ಟು ಹಾನಿಯನ್ನು ಸಹಿಸಿಕೊಂಡು ಈ ಕತ್ತರಿ ಬಳಸುವವರಿದ್ದಾರೆ, ಅವರ ಕೆಲಸಕ್ಕೆ ಅದು ನಡೆಯುತ್ತದೆ. 31 ಪದದ ಗದ್ಯದಲ್ಲಿ ಒಂದು ತಪ್ಪೂ ಪಟ್ಟಿಯ ತಲೆಯವರೆಗೆ ಏರಬಲ್ಲದು.

ನಿಮ್ಮಂಥವರಿಗೆ ನಾನು ಹೇಳುವುದು ಮೂರನೆಯದು, ಸ್ವಲ್ಪ ಮೈಮುರಿದು ಮಾಡುವಂಥದ್ದು. ರೂಪದ ಪಟ್ಟಿಯನ್ನು ಮೊದಲು ತೆಗೆಯಿರಿ. 26 ಸಾಲು ಓದಲು ಎರಡು ನಿಮಿಷ ಬೇಕು. ಯಾವ ರೂಪ ಯಾವ ಮೂಲಕ್ಕೆ ಸೇರಬೇಕೆಂದು ನೀವೇ ಬರೆದುಕೊಡಿ. ಕನ್ನಡ ವ್ಯಾಕರಣ ನಿಮಗೆ ಗೊತ್ತಿರುವಷ್ಟು ಯಾವ ಕತ್ತರಿಗೂ ಗೊತ್ತಿಲ್ಲ.

```python
mula = {'ಮರದ': 'ಮರ', 'ಮರಕ್ಕೆ': 'ಮರ', 'ಮನೆಗೆ': 'ಮನೆ',
        'ಕಟ್ಟೆಯ': 'ಕಟ್ಟೆ', 'ಹಕ್ಕಿಯ': 'ಹಕ್ಕಿ',
        'ಬಂತು': 'ಬರು', 'ಬಂದು': 'ಬರು'}
words = [mula.get(w, w) for w in words]
```

ಇದನ್ನು `counts = Counter(words)` ಸಾಲಿನ ಮುಂಚೆ ಸೇರಿಸಿದರೆ ಮರ 5, ಒಂದು 3, ಅಜ್ಜ 2, ಕಟ್ಟೆ 2, ಬರು 2, ಮನೆ 2, ಹಕ್ಕಿ 2, ಉಳಿದ ಹದಿಮೂರು ಒಂದೊಂದು. ಒಟ್ಟು ಮತ್ತೆ 31, ಬೇರೆ ಬೇರೆ ಪದ 20. ಗುಂಪು ಸೇರಿಸಿದಾಗ ಮೊತ್ತ ಬದಲಾಗಬಾರದು, ಬೇರೆ ಪದಗಳ ಸಂಖ್ಯೆ ಮಾತ್ರ ಇಳಿಯಬೇಕು. ಮೊತ್ತವೇ ಬದಲಾದರೆ ಎಲ್ಲೋ ಪದ ಉದುರಿದೆ. ಈ ನಿಘಂಟನ್ನು ಉಳಿಸಿಕೊಂಡರೆ ಮುಂದಿನ ಪಾಠಕ್ಕೆ ಹೊಸ ರೂಪಗಳನ್ನಷ್ಟೇ ಸೇರಿಸಿದರಾಯಿತು. ಆಗ ಈ ಗದ್ಯದಲ್ಲಿ ಒಮ್ಮೆ ಮಾತ್ರ ಬಂದ ‘ನೋಡುತ್ತಿದ್ದ’, ‘ಎಂದ’ ಮುಂತಾದವಕ್ಕೂ ನೋಡು, ಎನ್ನು ಎಂದು ಮೂಲ ಬರೆದಿಡಬೇಕಾಗುತ್ತದೆ.

ಎಲ್ಲಿ ಗುಂಪು ಸೇರಿಸಬೇಕು, ಎಲ್ಲಿ ಬಿಡಬೇಕು ಎಂಬುದು ಪಟ್ಟಿ ಯಾತಕ್ಕೆ ಎಂಬುದರ ಮೇಲಿದೆ. ಮಕ್ಕಳಿಗೆ ಹೊಸ ಪದಗಳ ಅರ್ಥ ಹೇಳಿಕೊಡಲು ಪಟ್ಟಿ ಬೇಕಿದ್ದರೆ ಮೂಲಪದ ಎಣಿಸಿ. ಮರದ ಅರ್ಥ ಗೊತ್ತಿದ್ದವನಿಗೆ ಮರಕ್ಕೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಓದಲು ತಡವರಿಸುವ ಮಗುವಿನ ಸಲುವಾಗಿ ಎಣಿಸುತ್ತಿದ್ದರೆ ನಾನು ರೂಪದ ಪಟ್ಟಿಯನ್ನೇ ಇಟ್ಟುಕೊಳ್ಳುತ್ತೇನೆ. ಆ ಮಗುವಿನ ಕಣ್ಣಿಗೆ ‘ಮರ’ ಸುಲಭ, ‘ಮರಕ್ಕೆ’ಯಲ್ಲಿ ಒತ್ತಕ್ಷರವಿದೆ. ‘ಬಂತು’ ಮತ್ತು ‘ಬರು’ ನಡುವೆ ಉಳಿದಿರುವುದು ಮೊದಲಿನ ‘ಬ’ ಒಂದೇ. ಅವೆರಡನ್ನೂ ಒಂದೇ ಪದ ಎನ್ನುವುದು ವ್ಯಾಕರಣ ಬಲ್ಲ ನಮ್ಮ ಲೆಕ್ಕ, ಅಕ್ಷರ ಕೂಡಿಸಿ ಓದುವವನ ಲೆಕ್ಕವಲ್ಲ.

ಸಂಧಿಯ ತೊಡಕು ನಿಮ್ಮ ಗದ್ಯದಲ್ಲಿ ಇಲ್ಲ, ಅದು ನಿಮ್ಮ ಪುಣ್ಯ. ‘ಮರವಿದೆ’, ‘ಮನೆಯಲ್ಲಿದ್ದ’ ಎಂಬಂಥವು ಬಂದರೆ ಒಂದು ಅಚ್ಚಿನ ಪದದಲ್ಲಿ ಎರಡು ಪದ. ಬಿಡಿಸಿದರೆ ಮೊತ್ತವೇ ಏರುತ್ತದೆ, ಬೆರಳೆಣಿಕೆಯ ತಾಳೆ ತಪ್ಪುತ್ತದೆ. ನಾನಾದರೆ ಬಿಡಿಸುವುದಿದ್ದರೆ ಗದ್ಯದಲ್ಲೇ ಮೊದಲು ಬಿಡಿಸಿ ಬರೆದು, ಹೊಸ ಗದ್ಯವನ್ನು ಬೆರಳಲ್ಲಿ ಎಣಿಸಿ, ಆಮೇಲೆ ಪ್ರೋಗ್ರಾಮಿಗೆ ಕೊಡುತ್ತೇನೆ. ‘ಮಾಡ ಬೇಕು’, ‘ಮಾಡಬೇಕು’ ಎಂದು ಎರಡು ರೀತಿ ಬರೆದಿರುವುದನ್ನೂ ಅಲ್ಲೇ ಒಂದು ಮಾಡಿಕೊಳ್ಳಬೇಕು. ‘ಹತ್ತು’ ಎಂಬ ಪದ ಬಂದರೆ ಅದು ಸಂಖ್ಯೆಯೋ ಮರ ಹತ್ತುವುದೋ ಎಂದು ಯಾವ ಎಣಿಕೆಯೂ ಹೇಳದು. ವಾಕ್ಯ ತೆರೆದು ಓದಿಯೇ ತಿಳಿಯಬೇಕು.

ಜೋಡಣೆಯ ಬಗ್ಗೆ ಎರಡು ಮಾತು ಉಳಿದಿದೆ. ಎಣಿಕೆಯನ್ನು ಸಂಖ್ಯೆಯೆಂದು ಹೋಲಿಸಬೇಕು, ಬರಹವೆಂದಲ್ಲ. ಬರಹವಾಗಿ ಹೋಲಿಸಿದರೆ ಮೊದಲ ಅಂಕಿ ನೋಡಿ 9 ಎಂಬುದು 12ಕ್ಕಿಂತ ಮೇಲೆ ಕೂರುತ್ತದೆ. ನಿಮ್ಮ ಗದ್ಯದಲ್ಲಿ ಎಲ್ಲ ಎಣಿಕೆಯೂ ಒಂದೇ ಅಂಕಿಯದಾದ್ದರಿಂದ ಈ ತಪ್ಪು ಗೋಚರಿಸುವುದಿಲ್ಲ, ನಾಳೆ ಇಡೀ ಪಾಠ ಕೊಟ್ಟಾಗ ಎದ್ದು ಬರುತ್ತದೆ. ಸ್ಪ್ರೆಡ್‌ಶೀಟಿಗೆ ಅಂಟಿಸಿ ಜೋಡಿಸುವವರು ಇದರಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಸಂಖ್ಯೆಗಳು ಕೋಶದ ಎಡಕ್ಕೆ ಅಂಟಿ ಕೂತಿದ್ದರೆ ಅವು ಬರಹವಾಗಿವೆ ಎಂದು ಅನುಮಾನಿಸಿ.

ಇನ್ನೊಂದು, ಸಮ ಎಣಿಕೆ ಬಂದ ಪದಗಳ ಕ್ರಮ. ಒಂದೊಂದು ಸಲ ಬಂದ 23 ಪದಗಳನ್ನು ಹೇಗಾದರೂ ಬಿಟ್ಟರೆ ಹುಡುಕುವುದು ಕಷ್ಟ, ಅಕಾರಾದಿಯಾಗಿ ಇಡುವುದು ವಾಸಿ. ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ಬಹುಮಟ್ಟಿಗೆ ನಮ್ಮ ವರ್ಣಮಾಲೆಯೇ ಸಿಗುತ್ತದೆ, ಒಂದು ಎದ್ದುಕಾಣುವ ಅಪವಾದದೊಂದಿಗೆ. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. ಯೂನಿಕೋಡ್‌ನಲ್ಲಿ ಳ ಬಂದು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಕೂತಿದೆ. ಹಾಗಾಗಿ ಯಂತ್ರ ಕಳಸ, ಕವಡೆ, ಕಸ, ಕಹಿ ಎಂದು ಜೋಡಿಸುತ್ತದೆ, ನಿಘಂಟು ನೋಡಿ ಬೆಳೆದ ಕಣ್ಣು ಕಳಸವನ್ನು ಕಹಿಯ ಆಮೇಲೆ ಹುಡುಕುತ್ತದೆ. ಮೇಲಿನ ಪ್ರೋಗ್ರಾಮಿನಲ್ಲಿ `replace('ಳ', '\u0CBA')` ಎಂದಿರುವುದು ಇದಕ್ಕೇ. ಹಕಾರದ ಮುಂದಿನ ಮನೆ ಯೂನಿಕೋಡ್‌ನಲ್ಲಿ ಖಾಲಿ ಇದೆ. ಹೋಲಿಸುವ ಹೊತ್ತಿನ ಮಟ್ಟಿಗೆ ಳಕಾರವನ್ನು ಅಲ್ಲಿ ಕೂರಿಸುತ್ತೇವೆ, ಅಚ್ಚಾಗುವ ಪದ ಬದಲಾಗುವುದಿಲ್ಲ.

ಈ ಪುಟ್ಟ ಪಟ್ಟಿಯನ್ನು ಇಟ್ಟುಕೊಂಡು ಎಷ್ಟು ದೂರ ಹೋಗಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರೂಪದ ಲೆಕ್ಕದಲ್ಲಿ 26ರಲ್ಲಿ 23 ಪದ ಒಮ್ಮೆ ಮಾತ್ರ ಬಂದಿವೆ. ಸಣ್ಣ ಗದ್ಯಗಳೆಲ್ಲ ಹೀಗೇ. ‘ಅಜ್ಜ’ 2, ‘ಒಂದು’ 3 ಎಂಬ ಅಂತರಕ್ಕೆ ಇಲ್ಲಿ ಅರ್ಥವಿಲ್ಲ, ಇನ್ನೊಂದು ವಾಕ್ಯ ಸೇರಿಸಿದರೆ ತಲೆಕೆಳಗಾಗುತ್ತದೆ. ಮರ ಐದು ಸಲ, ಅಂದರೆ ನೂರಕ್ಕೆ ಹದಿನಾರು ಎಂದು ಶೇಕಡಾ ಹಾಕಿ ಇನ್ನೊಂದು ಪಾಠದ ಜೊತೆ ಹೋಲಿಸಲು ಹೋಗಬೇಡಿ. ಈ ಗದ್ಯ ಮರದ ಬಗ್ಗೆ ಎಂದಷ್ಟೇ ಆ ಸಂಖ್ಯೆ ಹೇಳುತ್ತದೆ, ಅದು ಓದಿದ ಯಾರಿಗೂ ಗೊತ್ತು. ಮಕ್ಕಳಿಗೆ ಪದೇ ಪದೇ ಎದುರಾಗುವ ಪದಗಳು ಬೇಕಿದ್ದರೆ ಇಡೀ ಪಠ್ಯಪುಸ್ತಕದ ಪಾಠಗಳನ್ನು ಒಂದೇ ಕಡತಕ್ಕೆ ಹಾಕಿ ಎಣಿಸಿ. ಜೊತೆಗೆ ಪ್ರತಿ ಪದ ಎಷ್ಟು ಪಾಠಗಳಲ್ಲಿ ಬಂದಿದೆ ಎಂಬ ಇನ್ನೊಂದು ಕಂಬಸಾಲು ಇಡಿ. ಒಂದೇ ಪಾಠದಲ್ಲಿ ಮೂವತ್ತು ಸಲ ಬಂದ ‘ಆನೆ’, ಹತ್ತು ಪಾಠಗಳಲ್ಲಿ ಮೂರು ಮೂರು ಸಲ ಬಂದ ‘ಬೇಗ’ ಎರಡೂ ಮೊತ್ತದಲ್ಲಿ ಮೂವತ್ತೇ.

ಬರೀ ಈ 31 ಪದಗಳದ್ದೇ ಕೆಲಸವಾದರೆ ಕಂಪ್ಯೂಟರು ಬೇಕಿರಲಿಲ್ಲ. ಅಂಥ ಹೊತ್ತಿನಲ್ಲಿ ನಾನು ಈಗಲೂ ಗೀಟು ಹಾಕಿದ ಹಾಳೆ ತೆಗೆದುಕೊಳ್ಳುತ್ತೇನೆ: ಮೊದಲ ಸಲ ಕಂಡ ಪದವನ್ನು ಬರೆದು ಅದರ ಮುಂದೆ ಒಂದು ಗೀಟು, ಮತ್ತೆ ಕಂಡರೆ ಇನ್ನೊಂದು, ಎಣಿಸಿದ ಪದವನ್ನು ಗದ್ಯದಲ್ಲಿ ಪೆನ್ಸಿಲಿನಿಂದ ಹೊಡೆದುಹಾಕುವುದು. ಹೊಡೆದುಹಾಕುವುದನ್ನು ಮರೆತರೆ ಒಂದೆರಡು ಪದ ಎರಡು ಸಲ ಸೇರಿಬಿಡುತ್ತವೆ. ಮಕ್ಕಳ ಕೈಯಲ್ಲಿ ಮಾಡಿಸುವುದಾದರೆ ‘ಮರಿ’ಯನ್ನು ಮರದ ಸಾಲಿಗೆ ಹಾಕುವವರು ಒಬ್ಬರೂ ಇರುವುದಿಲ್ಲ, ‘ಮರಕ್ಕೆ’ಯನ್ನು ಅಲ್ಲೇ ಹಾಕಬೇಕೋ ಬೇರೆ ಸಾಲು ಮಾಡಬೇಕೋ ಎಂದು ಮಾತ್ರ ಖಂಡಿತ ಕೇಳುತ್ತಾರೆ, ಅಷ್ಟರೊಳಗೆ ನೀವು ತೀರ್ಮಾನಿಸಿಕೊಂಡಿರಿ.